ಕ್ಲೌಡ್ ಕಂಪನಿಗೆ ಬರೆದ ಎರಡು ಪತ್ರಗಳು

ಅರ್ಜಿ ಬರೆಯುವ ವಿದ್ಯೆಯನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯ ಒಂದು ಟೈಪಿಂಗ್ ಅಂಗಡಿಯಲ್ಲಿ. ಅರಕೇರಿಯಿಂದ ಬಸ್ಸಿಗೆ ಬಂದು, ಹಗಲು ಡಿಪ್ಲೊಮಾ ಓದಿ, ಸಂಜೆ ಆ ಅಂಗಡಿಯಲ್ಲಿ ಕೂತು ಊರಮಂದಿಯ ಅರ್ಜಿ ಹೊಡೆದುಕೊಡುತ್ತಿದ್ದೆ. ವಿಧವಾ ವೇತನ, ಪಡಿತರ ಚೀಟಿ, ಹಾಸ್ಟೆಲ್ ಸೀಟು, ಫೀ ವಿನಾಯಿತಿ. ಕೆಲವೇ ತಿಂಗಳಲ್ಲಿ ಒಂದು ಪಾಠ ನನ್ನ ಬೆರಳಿಗೇ ಅಂಟಿಕೊಂಡಿತು: ಮೊದಲ ಸಾಲಿನಲ್ಲಿ ನಮಸ್ಕಾರ, ಎರಡನೆಯದರಲ್ಲಿ ಬಡತನ, ಮೂರನೆಯದರಲ್ಲಿ ಬೇಡಿಕೆ. ಬೇಡಿಕೆಯನ್ನು ಬೇಕಾದದ್ದರ ಎರಡು ಪಟ್ಟು ಬರೆಯಬೇಕು, ಏಕೆಂದರೆ ಮೇಜಿನ ಆಚೆ ಕೂತವನು ಅರ್ಧ ಕಡಿದೇ ಕಡಿಯುತ್ತಾನೆ. ಕಾಗದದ ಹಿಂದೆ ಎಷ್ಟು ಲಗತ್ತು ಇರುತ್ತವೋ ಅರ್ಜಿಗೆ ಅಷ್ಟು ತೂಕ.

ಈ ಪಾಠ ಹಿಡಿದುಕೊಂಡೇ ನಾನು ಇಲ್ಲಿಯವರೆಗೆ ಬಂದೆ. ಟೈಪಿಂಗ್ ಅಂಗಡಿಯಿಂದ ಕಂಪ್ಯೂಟರ್ ರಿಪೇರಿಗೆ, ರಿಪೇರಿಯಿಂದ ಕಾಲೇಜಿನ ಲ್ಯಾಬಿಗೆ, ಕೊನೆಗೆ ಲ್ಯಾಬ್ ಸಂಯೋಜಕನ ಕುರ್ಚಿಗೆ. ನಮ್ಮ ಕಾಲೇಜು ತಿಕೋಟಾ ರಸ್ತೆಯಲ್ಲಿ, ವಿಜಯಪುರ ಮುಗಿಯುವಲ್ಲಿದೆ. ಅಲ್ಲಿ ಒಂದು ಮೌಸ್ ಬೇಕಾದರೂ ಮೂರು ಮಂದಿಯ ಸಹಿ ಬೇಕು. ನಾನು ಎರಡು ಕೇಳಿ ಒಂದು ತರುತ್ತಿದ್ದೆ. ಆದ್ದರಿಂದ ಕ್ಲೌಡ್ ಕಂಪನಿಗೆ ಪತ್ರ ಬರೆಯುವ ಕೆಲಸ ಬಂದಾಗ ನನಗೆ ಅಂಜಿಕೆ ಏನೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಮಾಡಿದ ತಪ್ಪು ಗೊತ್ತಿಲ್ಲದೆ ಮಾಡಿದ್ದಲ್ಲ, ಎಲ್ಲ ಗೊತ್ತಿದೆ ಎಂದುಕೊಂಡು ಮಾಡಿದ್ದು.

ಕ್ಲೌಡ್ ಎಂದರೆ ಏನು ದೊಡ್ಡ ಗುಟ್ಟಲ್ಲ. ದೂರದಲ್ಲೆಲ್ಲೋ ಇರುವ ಕಂಪನಿಯ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ತೆಗೆದುಕೊಳ್ಳುವುದು, ಅಷ್ಟೇ. ಅಂತಿಮ ವರ್ಷದವರಿಗೆ ಅದೊಂದು ಐಚ್ಛಿಕ ವಿಷಯ. ಹೊಸಬರು ಕಂಪನಿಯಲ್ಲಿ ಖಾತೆ ತೆರೆದರೆ ಸ್ವಲ್ಪ ದಿನ ಉಚಿತ ಎನ್ನುತ್ತಾರೆ, ಆದರೆ ಗುರುತಿಗೆಂದು ಬ್ಯಾಂಕಿನ ಒಂದು ಕಾರ್ಡ್ ಕೇಳುತ್ತಾರೆ. ನಮ್ಮ ಹುಡುಗರ ಫೋನಿನಲ್ಲಿ ಕ್ಯೂಆರ್ ಕೋಡ್ ಓದುವ ಆ್ಯಪ್ ಇರುತ್ತದೆ, ಕಾರ್ಡ್ ಇರುವುದಿಲ್ಲ; ಇದ್ದ ಒಬ್ಬಿಬ್ಬರ ಎಟಿಎಂ ಕಾರ್ಡನ್ನು ಆ ಪುಟ ತೆಗೆದುಕೊಳ್ಳಲಿಲ್ಲ. ಹಾಗಾಗಿ ಹಿಂದಿನ ವರ್ಷ ನನ್ನ ಒಂದೇ ಖಾತೆಯನ್ನು ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟು ನಾನೇ ಎಲ್ಲ ಮಾಡಿ ತೋರಿಸಿದ್ದೆ. ಹುಡುಗರು ಒಂದೇ ಚಿತ್ರವನ್ನು ತಮ್ಮ ತಮ್ಮ ಜರ್ನಲ್ಲಿಗೆ ಅಂಟಿಸಿದರು. ಎಲ್ಲರೂ ಪಾಸಾದರು. ಒಬ್ಬನೂ ಒಂದು ಯಂತ್ರವನ್ನು ತಾನಾಗಿ ಶುರುಮಾಡಿರಲಿಲ್ಲ.

ಈ ವರ್ಷ ಆ ವಿಷಯ ತೆಗೆದುಕೊಂಡವರು ಮೂವತ್ತೆಂಟು ಮಂದಿ. ಬಹಳಷ್ಟು ಮನೆಗಳಲ್ಲಿ ಕಂಪ್ಯೂಟರೇ ಇಲ್ಲ, ಕ್ಲೌಡಂತೂ ಎಲ್ಲರಿಗೂ ಮೊದಲ ಸಲ. ಬಿಡಿಭಾಗದ ಅಂಗಡಿಯವರೊಂದಿಗೆ ಜಗ್ಗಾಡಿ ಲ್ಯಾಬಿನ ಇಪ್ಪತ್ತು ಕಂಪ್ಯೂಟರುಗಳನ್ನು ಎಬ್ಬಿಸಿದ್ದೆ. ಹತ್ತೊಂಬತ್ತು ಮಂದಿಯ ಎರಡು ತಂಡ ಮಾಡಿದರೆ ತಲೆಗೊಂದು ಸಿಗುತ್ತಿತ್ತು. ಕೊರತೆ ಇದ್ದದ್ದು ಕ್ಲೌಡಿನ ಖಾತೆಯದು.

ತರಗತಿಯ ಮೊದಲ ದಿನ, ಲ್ಯಾಬ್ ಶುರುವಾಗಲು ಇನ್ನೂ ತಿಂಗಳಿರುವಾಗ, ಬಬಲೇಶ್ವರದ ಒಬ್ಬ ಹುಡುಗಿ ಬಾಗಿಲ ಹತ್ತಿರ ನಿಂತು ಕೇಳಿದಳು.

"ಸರ, ಈ ಲ್ಯಾಬಿನ್ಯಾಗೂ ಗುಂಪ ಮಾಡ್ತೀರೇನ್ರಿ?"

"ಯಾಕ ಯವ್ವಾ, ಗುಂಪಿನ್ಯಾಗೇನ ತ್ರಾಸ?"

"ಎರಡ್ನೇ ವರ್ಷ ಮೂರ ಮಂದಿಗೆ ಒಂದ ಕಂಪ್ಯೂಟರ್ ಇತ್ರಿ. ನನ್ನ ಅಕ್ಷರ ಚೊಲೋ ಅದಾವಂತ ನಾ ಬರ್ಯಾಕೀ ಆದೆ. ವರ್ಷಪೂರ್ತಿ ಬರದೇನಿ. ಕೀಬೋರ್ಡ್ ಮುಟ್ಟಿದ್ದ ಪರೀಕ್ಷಾದಾಗ್ರಿ."

ಅವಳ ಮುಖದಲ್ಲಿ ದೂರು ಇರಲಿಲ್ಲ, ಲೆಕ್ಕ ಇತ್ತು. ಗುಂಪು ಮಾಡಿದರೆ ಈ ಸಲವೂ ತಾನು ಬರೆಯುವವಳೇ ಆಗುತ್ತೇನೆಂದು ಅವಳಿಗೆ ಗೊತ್ತಿತ್ತು. ಇದು ಕೊನೆಯ ವರ್ಷ, ಮುಂದೆ ಲ್ಯಾಬೂ ಇಲ್ಲ. ಪ್ರಾಚಾರ್ಯರು ನನಗೆ ಕೊಟ್ಟ ಗಡುವೂ ಕಟ್ಟುನಿಟ್ಟಾಗಿತ್ತು: ಲ್ಯಾಬಿನ ಮೂರನೆಯ ವಾರದೊಳಗೆ ಖಾತೆಗಳು ಬಂದರೆ ಸರಿ, ಇಲ್ಲದಿದ್ದರೆ ಹೋದ ವರ್ಷದಂತೆ ಪ್ರೊಜೆಕ್ಟರ್.

ಶಿಕ್ಷಣಕ್ಕೆಂದು ಕಂಪನಿಗಳು ಕೊಡುವ ಕ್ರೆಡಿಟ್ಟುಗಳ, ಅಂದರೆ ಉಚಿತ ಬಳಕೆಯ ಮೊತ್ತದ, ವಿಷಯ ಒಂದು ಕಾರ್ಯಾಗಾರದಲ್ಲಿ ಕೇಳಿದ್ದೆ. ಪಾಠ ಮಾಡುವವರು ಕಾಲೇಜಿನ ಇಮೇಲಿನಿಂದ ಅರ್ಜಿ ಹಾಕಬೇಕು. ಒಪ್ಪಿದರೆ ಪ್ರತಿ ವಿದ್ಯಾರ್ಥಿಗೆ ಇಷ್ಟು ಬಳಕೆ ಎಂದು ಕೋಡ್ ಸಿಗುತ್ತದೆ, ಕಾರ್ಡ್ ಬೇಕಾಗುವುದಿಲ್ಲ. ಅರ್ಜಿಯ ಪುಟದಲ್ಲಿ ವಿಷಯದ ಹೆಸರು, ವಿದ್ಯಾರ್ಥಿಗಳ ಸಂಖ್ಯೆ, ಶುರು ಮತ್ತು ಮುಕ್ತಾಯದ ದಿನ, ತಲೆಗೆಷ್ಟು ಬೇಕು ಎಂಬ ಖಾನೆಗಳಿದ್ದವು. ಕೆಳಗೆ ವಿವರಕ್ಕೆ ಒಂದು ದೊಡ್ಡ ಖಾನೆ, ಲಗತ್ತಿಗೆ ಒಂದು ಗುಂಡಿ.

ಲಗತ್ತು ಎಂಬ ಶಬ್ದ ನೋಡಿದ ಕೂಡಲೇ ನನ್ನೊಳಗಿನ ಟೈಪಿಂಗ್ ಅಂಗಡಿ ಬಾಗಿಲು ತೆರೆಯಿತು. ಎಲ್ಲರಿಗೂ ಹೇಳಿದೆ: ನಾಳೆ ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಆಧಾರ್, ಮೂರರ ಪ್ರತಿ ತರಬೇಕು.

ಸ್ಕಾಲರ್‌ಶಿಪ್ಪಿಗೆ ಮಾಡಿಸಿದ್ದು ಹಲವರ ಬಳಿ ಇತ್ತು. ಆರು ಮಂದಿಯದು ಅವಧಿ ಮುಗಿದಿತ್ತು. ಅವರಲ್ಲಿ ಕನಮಡಿಯ ಒಬ್ಬ ಹುಡುಗ ತಿಕೋಟಾದ ನಾಡಕಚೇರಿಗೆ ಎರಡು ಸಲ ಹೋಗಿ, ಸರ್ವರ್ ಇಲ್ಲವೆಂದು ತಿರುಗಿ ಬಂದು, ಮೂರನೆಯ ಸಲಕ್ಕೆ ತಂದ. ತಂದವನು ಮೇಜಿನ ಮೇಲಿಟ್ಟು ನಕ್ಕ.

"ತಗೋರ್ರಿ ಸರ, ನಾ ಬಡವ ಅಂತ ಸರಕಾರನ ಸಹಿ ಮಾಡೈತಿ. ಈಗರೆ ಕ್ಲೌಡ್ ಬರ್ತೈತೇನ ನೋಡ್ರಿ."

ಬಬಲೇಶ್ವರದ ಹುಡುಗಿ ಮಾತ್ರ ಕಾಗದವನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು.

"ಕಲ್ಯಾಕ ಕೇಳಾಕತ್ತೀವಲ್ರಿ ಸರ. ಇದಕ್ಕೂ ಬಡವರಂತ ತೋರಸ್ಬೇಕೇನ್ರಿ?"

"ತೋರಿಸಿದ್ರ ಏನ್ ಸವೀತೈತಿ ತಂಗಿ? ಕೇಳಾವ ಮೆತ್ತಗ ಇರ್ಬೇಕ. ಕೊಡಾವ್ರಿಗೆ ಮನಸ ಕರಗಬೇಕಲ್ಲ."

ಅವಳು ಕಾಗದ ಕೊಟ್ಟು ಹೋದಳು. ನಾನು ಅವನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ದಪ್ಪ ಪಿಡಿಎಫ್ ಕಟ್ಟಿದೆ. ಪತ್ರವನ್ನು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ, ಇಂಗ್ಲಿಷಿನಲ್ಲಿ ಬರೆದೆ. ಒಣಭೂಮಿಯ ಜಿಲ್ಲೆ, ಕೂಲಿ ಮಾಡುವ ತಂದೆತಾಯಿಗಳು, ತಮ್ಮಂಥ ದೊಡ್ಡವರ ಕೃಪೆ. ಈಗ ಓದಿದರೆ ಮೈ ಮುದುಡುತ್ತದೆ, ಅಂದು ಹೆಮ್ಮೆಪಟ್ಟಿದ್ದೆ. ತಲೆಗೆಷ್ಟು ಎಂಬ ಖಾನೆಯಲ್ಲಿ ಆ ಪುಟ ಒಪ್ಪುವ ಅತಿ ದೊಡ್ಡ ಮೊತ್ತ ತುಂಬಿದೆ. ಪ್ರಾಚಾರ್ಯರು ಗುಂಡು ಮುದ್ರೆ, ಉದ್ದ ಮುದ್ರೆ ಎರಡನ್ನೂ ಒತ್ತಿ, "ಭಾಳ ಚೊಲೋ ಬರದೀರಿ, ನನಗ ಅಳು ಬಂತ" ಎಂದರು.

ಹತ್ತು ದಿನಕ್ಕೆ ಉತ್ತರ ಬಂತು. ಕಂಪನಿಯಲ್ಲಿ ಅರ್ಜಿಗಳನ್ನು ನೋಡುವ ಒಬ್ಬರು ಬರೆದಿದ್ದರು. ಮಾತು ಸೌಮ್ಯವಾಗಿತ್ತು, ಆದರೆ ಎರಡನೆಯ ಸಾಲಿಗೇ ನನ್ನ ಕಿವಿ ಬಿಸಿಯಾಯಿತು. ಲಗತ್ತಿನಲ್ಲಿ ವಿದ್ಯಾರ್ಥಿಗಳ ಗುರುತಿನ ದಾಖಲೆಗಳಿವೆ, ನಾವು ಇವನ್ನು ಕೇಳುವುದಿಲ್ಲ, ಅಳಿಸಿದ್ದೇವೆ, ಇನ್ನು ಮುಂದೆ ಯಾರಿಗೂ ಹೀಗೆ ಕಳಿಸಬೇಡಿ. ಕುಟುಂಬದ ಆದಾಯ ನಮ್ಮ ನಿರ್ಧಾರದಲ್ಲಿ ಬರುವುದೇ ಇಲ್ಲ. ನಿಮ್ಮ ಪತ್ರದಲ್ಲಿ ವಿದ್ಯಾರ್ಥಿಗಳ ಬಳಿ ಏನಿಲ್ಲ ಎಂಬುದಿದೆ, ಅವರು ಏನು ಮಾಡಲಿದ್ದಾರೆ ಎಂಬುದಿಲ್ಲ. ಯಾವ ವಾರ ಯಾವ ಪ್ರಯೋಗ, ಎಂಥ ಯಂತ್ರ, ಎಷ್ಟು ತಾಸು, ಆ ಲೆಕ್ಕದಿಂದ ತಲೆಗೆಷ್ಟು ಎಂದು ಬರೆದು ಮತ್ತೆ ಅರ್ಜಿ ಹಾಕಿ. ಕಾಲೇಜಿನ ಜಾಲತಾಣದಲ್ಲಿ ವಿಷಯದ ಪುಟ, ಕಲಿಸುವವರ ಹೆಸರು ಕಾಣುವಂತಿರಲಿ.

ಪ್ರಾಚಾರ್ಯರಿಗೆ ನಂಬಿಕೆಯೇ ಬರಲಿಲ್ಲ.

"ಆದಾಯ ಪ್ರಮಾಣಪತ್ರ ಬ್ಯಾಡ ಅಂದ್ರ ಹೆಂಗ್ರಿ? ಹಂಗಾರ ಸಾವ್ಕಾರ್ರ ಮಕ್ಕಳಿಗೂ ಕೊಡ್ತಾರೇನ?"

"ಕೊಡ್ತಾರಂತ್ರಿ. ಕಲ್ಯಾವ್ರಿಗೆ ಕೊಡ್ತಾರ."

"ಇದೇನ ದಾನಾನೋ, ಯಾಪಾರಾನೋ?"

"ಯಾಪಾರ ಇರ್ಬೇಕ್ರಿ. ಇಂದ ಕಲ್ತಾವ್ರು ನಾಳೆ ನೌಕರಿಗೆ ಹೋದಲ್ಲಿ ಇದನ್ನ ತಗೋರ್ರಿ ಅಂತಾರಲ್ರಿ."

ಹೇಳುತ್ತಿದ್ದಂತೆ ನನಗೇ ಹೊಳೆಯಿತು. ಇಷ್ಟು ವರ್ಷ ಚೌಕಾಸಿ ಮಾಡಿದವನು ನಾನು, ಎದುರಿನವನಿಗೆ ಏನು ಬೇಕೆಂದು ಒಮ್ಮೆಯೂ ಕೇಳಿಕೊಳ್ಳದೆ ಕೈ ಚಾಚಿದ್ದೆ. ಬೇಡುವ ಜಾಗ ಬೇರೆ, ವ್ಯವಹಾರದ ಜಾಗ ಬೇರೆ. ಕಚೇರಿಯ ಮೇಜಿನ ಮುಂದೆ ನಡೆಯುವ ಭಾಷೆಯನ್ನು ತಕ್ಕಡಿಯ ಮುಂದೆ ಆಡಿದರೆ ಹೀಗೇ ಆಗುತ್ತದೆ.

ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿತ್ತು. ಮಕ್ಕಳ ಆಧಾರ್ ಪ್ರತಿಗಳನ್ನು, ಜಾತಿಯ ಕಾಗದಗಳನ್ನು ಯಾರೂ ಕೇಳದೇ ಇದ್ದರೂ ಪರರ ಕೈಗೆ ಕಳಿಸಿದ್ದೆ. ಇದನ್ನು ಮುಚ್ಚಿಟ್ಟು ಎರಡನೆಯ ಅರ್ಜಿ ಹಾಕಬಹುದಿತ್ತು. ಹಾಗೆಂದು ಅರ್ಧ ತಾಸು ಯೋಚಿಸಿದ್ದೂ ನಿಜ. ಕೊನೆಗೆ ಲ್ಯಾಬಿಗೆ ಹೋಗಿ, ಬಂದ ಉತ್ತರವನ್ನು ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟೆ. ಕನ್ನಡದಲ್ಲಿ ಸಾಲುಸಾಲಾಗಿ ಓದಿ ಹೇಳಿದೆ. "ತಪ್ಪ ನಂದು. ನಿಮ್ಮ ಕಾಗದ ನಾ ಕೇಳಬಾರದಿತ್ತು, ಕಳಸಬಾರದಿತ್ತು" ಎಂದೆ. ನನ್ನ ಕಂಪ್ಯೂಟರಿನಲ್ಲಿದ್ದ ಆ ಪಿಡಿಎಫನ್ನು ಅವರ ಕಣ್ಣೆದುರೇ ಅಳಿಸಿ, ಪ್ರತಿಗಳನ್ನು ಅವರವರ ಕೈಗೆ ತಿರುಗಿ ಕೊಟ್ಟೆ.

ಕನಮಡಿಯವನು ತನ್ನದನ್ನು ಮಡಿಚಿ ಜೇಬಿಗಿಟ್ಟ. "ಮೂರ ಸಲ ತಿಕೋಟಾಕ್ಕ ಹೋಗೇನ್ರಿ ಸರ. ಇದರ ಮ್ಯಾಲ ನನಗ ಕ್ಲೌಡ್ ಅಲ್ಲ, ಬಸ್ಸಿನ್ಯಾಗ ಒಂದ ಸೀಟರೆ ಕೊಡಸ್ರಿ." ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಬಬಲೇಶ್ವರದವಳು ನಗಲಿಲ್ಲ. ಅವಳು ಗೋಡೆಯ ಮೇಲಿನ ಉತ್ತರವನ್ನು ಇನ್ನೂ ಓದುತ್ತಿದ್ದಳು.

"ಸರ, ಏನ್ ಮಾಡ್ತೀರಿ ಅಂತ ಕೇಳ್ಯಾರ್ರಿ. ನಮಗ ಗೊತ್ತೈತೇನ್ರಿ?"

ಗೊತ್ತಿರಲಿಲ್ಲ. ಪಠ್ಯಕ್ರಮದಲ್ಲಿ ಹತ್ತು ಪ್ರಯೋಗಗಳ ಹೆಸರಿದ್ದವು. ಅವಕ್ಕೆ ಎಷ್ಟು ತಾಸು, ಎಂಥ ಯಂತ್ರ ಎಂದು ನಾನೂ ಲೆಕ್ಕ ಹಾಕಿರಲಿಲ್ಲ. ಕಂಪನಿಯ ಜಾಲತಾಣದಲ್ಲಿ ಖರ್ಚಿನ ಅಂದಾಜು ಹಾಕುವ ಒಂದು ಪುಟವಿದೆ, ಅದಕ್ಕೆ ಖಾತೆ ಬೇಕಿಲ್ಲ. ಯಾವ ಯಂತ್ರ, ಎಷ್ಟು ತಾಸು, ಎಷ್ಟು ಡಿಸ್ಕ್ ಎಂದು ತುಂಬಿದರೆ ಮೊತ್ತ ತೋರಿಸುತ್ತದೆ. ಅಂದು ಒಂದರ ಹಿಂದೊಂದು ಎರಡೂ ತಂಡಗಳನ್ನು ತಲೆಗೊಂದು ಕಂಪ್ಯೂಟರಿನ ಮುಂದೆ ಕೂರಿಸಿ ಅದನ್ನೇ ತೆರೆಸಿದೆ. ನಿಜ ಹೇಳಬೇಕೆಂದರೆ ಆ ವರ್ಷದ ಮೊದಲ ಪ್ರಯೋಗ ಅದೇ ಆಯಿತು.

ಹುಡುಗರು ಮೊದಲು ಪಟ್ಟಿಯಲ್ಲಿದ್ದ ದೊಡ್ಡ ದೊಡ್ಡ ಯಂತ್ರಗಳನ್ನೇ ಆರಿಸಿದರು, ಫೋನಿನ ಅಂಗಡಿಯಲ್ಲಿ ತುಟ್ಟಿ ಫೋನನ್ನೇ ಮೊದಲು ಮುಟ್ಟಿ ನೋಡುವ ಹಾಗೆ. ಮೊತ್ತ ಏರಿದ್ದು ಕಂಡು ಒಬ್ಬೊಬ್ಬರೇ ಕೆಳಗಿಳಿದರು. ಒಂದು ವೆಬ್ ಪುಟ ನಡೆಸಲು ಎಲ್ಲಕ್ಕಿಂತ ಚಿಕ್ಕ ಯಂತ್ರ ಸಾಕು ಎಂಬಲ್ಲಿಗೆ ತಾವೇ ಬಂದು ಮುಟ್ಟಿದರು. ವಾರಕ್ಕೆ ಲ್ಯಾಬಿನ ಎರಡು ತಾಸು, ಅಭ್ಯಾಸಕ್ಕೆ ಇನ್ನೆರಡು, ಹತ್ತು ವಾರ. ಲ್ಯಾಬ್ ಮುಗಿದ ಮೇಲೆ ಯಂತ್ರ ನಿಲ್ಲಿಸುವುದು.

"ನಿಲ್ಲಿಸಿದ್ರೂ ಡಿಸ್ಕಿಂದು ಎಣಸ್ತೈತ್ರಿ ಸರ," ಎಂದಳು ಬಬಲೇಶ್ವರದವಳು. ಅವಳು ಕೆಳಗಿನ ಸಣ್ಣ ಅಕ್ಷರ ಓದಿದ್ದಳು. "ಯಂತ್ರ ನಿಂತರೂ ನಮ್ಮ ಫೈಲ್ ಅಲ್ಲೇ ಇರ್ತಾವಲ್ರಿ. ಆ ಜಾಗದ ಬಾಡಗಿ ಹತ್ತೂ ವಾರ ಹಿಡೀಬೇಕ್ರಿ."

ಸರಿಯೇ. ಇದು ನನ್ನ ಖಾತೆಯಲ್ಲೂ ಹಿಂದಿನ ವರ್ಷ ನಡೆದಿತ್ತು, ನಾನು ನೋಡಿರಲಿಲ್ಲ.

ಕನಮಡಿಯವನು ಕೈ ಎತ್ತಿದ. "ನಿಲ್ಸೂದ ಮರತ್ರ ಹೆಂಗ್ರಿ? ನಾ ಅಂತೂ ಮರೀತೇನಿ. ಮನ್ಯಾಗ ಮೋಟರ ಬಂದ್ ಮಾಡೂದ ಮರತ ಬೈಸ್ಕೊಂತೇನಿ."

"ನಿನ್ನ ಹೆಸರಿಲೇ ಒಂದ ಸಾಲ ಹಾಕೋಣ ಬಿಡ," ಎಂದು ಹಿಂದಿನಿಂದ ಯಾರೋ ಕೂಗಿದರು. ಹಾಕಿಯೂ ಹಾಕಿದೆವು. ಹೊಸಬರು, ಯಂತ್ರ ನಿಲ್ಲಿಸುವುದನ್ನು ಮರೆಯಬಹುದು, ತಪ್ಪಾಗಿ ಅಳಿಸಿ ಮತ್ತೆ ಕಟ್ಟಬಹುದು, ಅದಕ್ಕೆ ಇಷ್ಟು ತಾಸು ಹೆಚ್ಚು. ಬಳಕೆ ಮಿತಿ ಮೀರುತ್ತ ಬಂದರೆ ಇಮೇಲ್ ಬರುವಂತೆ ಎಚ್ಚರಿಕೆ ಇಡುತ್ತೇವೆ ಎಂದೂ ಸೇರಿಸಿದೆವು.

ಎಲ್ಲ ಕೂಡಿಸಿದಾಗ ಬಂದ ಮೊತ್ತ ನಾನು ಮೊದಲು ಕೇಳಿದ್ದರ ಅರ್ಧಕ್ಕಿಂತ ಕಡಿಮೆ ಇತ್ತು. ನನ್ನ ಕೈ ತಾನಾಗಿಯೇ ಅದನ್ನು ಎರಡು ಪಟ್ಟು ಮಾಡಲು ಹೋಯಿತು. ಬಬಲೇಶ್ವರದವಳು ಯಾಕೆಂದು ಕೇಳಿದಳು.

"ಕಡೀತಾರ ತಂಗಿ. ಕಡ್ಯಾಕ ಜಾಗಾ ಇಟ್ಟ ಕೇಳ್ಬೇಕ."

"ಎಲ್ಲಿ ಕಡೀತಾರ್ರಿ ಸರ? ವಾರವಾರ ಬರದೀವಿ. ಕಡ್ಯೂದಾದ್ರ ಯಾವ ವಾರ ಬ್ಯಾಡ ಅಂತ ಅವ್ರ ಹೇಳ್ಬೇಕಲ್ರಿ. ಸುಮ್ಮನ ಹೆಚ್ಚ ಬರದ್ರ ಆ ಹೆಚ್ಚಿಂದು ಯಾವ ವಾರದ್ದಂತ ಕೇಳಿದ್ರ ನಾವೇನ ಹೇಳೂದ್ರಿ?"

ನಾನು ಜೀವಮಾನದಲ್ಲಿ ಕೇಳಿದ ಚೌಕಾಸಿಯ ಮಾತುಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ನೆನಪಿಲ್ಲ. ಹೆಚ್ಚು ಕೇಳಿದವನು ಬಿಟ್ಟುಕೊಡಲು ತಯಾರಾಗಿಯೇ ಬಂದಿರುತ್ತಾನೆ, ಎದುರಿನವನಿಗೂ ಅದು ಗೊತ್ತಿರುತ್ತದೆ. ಲೆಕ್ಕ ಹಿಡಿದು ಕೇಳಿದವನನ್ನು ಕಡಿಯಬೇಕಾದರೆ ಕಡಿಯುವವನೇ ಕಾರಣ ಹುಡುಕಬೇಕು. ಆದರೂ ಆ ಅಂಕಿಯನ್ನು ಇದ್ದದ್ದು ಇದ್ದಂತೆ ತುಂಬುವಾಗ, ಅಂಗಿ ಇಲ್ಲದೆ ಚೌಕದಲ್ಲಿ ನಿಂತಂತೆ ಅನಿಸಿತು.

ಎರಡನೆಯ ಪತ್ರ ಒಂದೇ ಪುಟ. ನಾವು ಯಾರು, ವಿಷಯ ಯಾವುದು, ಮೂವತ್ತೆಂಟು ಮಂದಿ ಮೊದಲ ಸಲ ಕ್ಲೌಡ್ ಬಳಸುವವರು, ಎರಡು ತಂಡ, ಕೆಳಗೆ ಹತ್ತು ವಾರದ ಪಟ್ಟಿ, ಪಟ್ಟಿಯ ಕೆಳಗೆ ಮೊತ್ತ. ಬಡತನದ ಸಾಲು ಇರಲಿಲ್ಲ. ಒಂದು ಸಾಲನ್ನು ಮಾತ್ರ ನಾನು ಸೇರಿಸಿದೆ: ಹಿಂದಿನ ವರ್ಷ ಒಬ್ಬರು ಮಾಡಿದ್ದನ್ನು ಉಳಿದವರು ನೋಡಿದರು, ಈ ವರ್ಷ ಪ್ರತಿಯೊಬ್ಬರೂ ತಾವೇ ಮಾಡಬೇಕೆಂಬುದಕ್ಕಾಗಿ ತಲೆಗೊಂದು ಖಾತೆ ಕೇಳುತ್ತಿದ್ದೇವೆ. ಮುದ್ರೆ ಒತ್ತಲು ಪ್ರಾಚಾರ್ಯರು ಜಾಗ ಹುಡುಕಿದರು, ಸಿಗಲಿಲ್ಲ. "ಇದೇನ್ರಿ, ಕಿರಾಣಿ ಚೀಟಿ ಬರದಂಗ ಬರದೀರಿ" ಎಂದರು. ಆದರೂ ಜಾಲತಾಣದಲ್ಲಿ ವಿಷಯದ ಪುಟ ಹಾಕಿಸಿಕೊಟ್ಟರು.

ಕಾಯುವಾಗ ಲ್ಯಾಬಿನ ಮೊದಲ ವಾರ ಹೋಯಿತು, ಎರಡನೆಯದೂ ಹೋಯಿತು. ಕಾಗದದ ಮೇಲೆ ಚಿತ್ರ ಬರೆಸಿ ಪಾಠ ಮಾಡಿದೆ. ಕಾಲೇಜಿನ ಇಮೇಲ್ ಇದ್ದರೆ ಮಾತ್ರ ಕೋಡ್ ಸಿಗುವುದರಿಂದ, ಯಾರೂ ತೆರೆದು ನೋಡದ ಆ ಇಮೇಲುಗಳನ್ನು ಒಂದೊಂದಾಗಿ ತೆರೆಸಿದೆ. ಅರ್ಧ ಮಂದಿ ಪಾಸ್‌ವರ್ಡ್ ಮರೆತಿದ್ದರು, ಹೊಸದು ಮಾಡಿಕೊಟ್ಟೆ. ಇಂಥ ಅರ್ಜಿ ಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಈ ಕೆಲಸ ಮೊದಲೇ ಮುಗಿಸಿಟ್ಟುಕೊಳ್ಳಿ. ಕೋಡ್ ಬಂದ ದಿನ ಅದಕ್ಕೆ ಪುರುಸೊತ್ತು ಸಿಗುವುದಿಲ್ಲ. ಪ್ರಾಚಾರ್ಯರು ಮೂರನೆಯ ವಾರದ ಸೋಮವಾರ ಪ್ರೊಜೆಕ್ಟರಿನ ದೀಪ ಸರಿಯಾಗಿದೆಯೇ ಎಂದು ವಿಚಾರಿಸಿದರು. ಅವರ ಬಾಗಿಲಿನಿಂದ ಹೊರಬರುವಾಗ ಆ ಹುಡುಗಿ ಎದುರಾದಳು. ನನ್ನ ಕೈಯಲ್ಲಿ ಕಾಗದವೇನಾದರೂ ಇದೆಯೇ ಎಂದು ನೋಡಿ ಲ್ಯಾಬಿನ ಕಡೆ ನಡೆದಳು.

ಬುಧವಾರ ಬೆಳಿಗ್ಗೆ ಒಪ್ಪಿಗೆ ಬಂತು. ಮೂವತ್ತೆಂಟು ಮಂದಿಗೆ, ಕೇಳಿದ ಮೊತ್ತ ಕೇಳಿದಂತೆ, ಒಂದಿಷ್ಟೂ ಕಡಿಯದೆ. ಕೋರ್ಸು ಮುಗಿಯುವವರೆಗೆ ನಡೆಯುತ್ತದೆ, ಉಳಿದದ್ದು ಆಮೇಲೆ ಬಳಸಲು ಬರುವುದಿಲ್ಲ. ಖುಷಿಯಾದದ್ದು ನಿಜ, ಅದರ ಜೊತೆಗೇ, ಇನ್ನೊಂದಿಷ್ಟು ಕೇಳಬಹುದಿತ್ತೇ ಎಂದು ಒಳಗೆ ಚುರುಕ್ ಅಂದದ್ದೂ ನಿಜ. ಈ ಚಟ ಪೂರ್ತಿ ಹೋಗುವಂಥದ್ದಲ್ಲ.

ಮಧ್ಯಾಹ್ನ ಮೊದಲ ತಂಡ ಕೂತಿತು. ಲಿಂಕ್ ತೆರೆದು ಹೆಸರು, ಕಾಲೇಜಿನ ಇಮೇಲ್ ಹಾಕಿದರೆ ದೃಢೀಕರಣದ ಮೇಲ್, ಅದನ್ನು ಒತ್ತಿದರೆ ಕೋಡ್, ಕೋಡ್ ಹಾಕಿದರೆ ಖಾತೆಗೆ ಮೊತ್ತ ಜಮಾ. ಎಲ್ಲರೂ ಒಟ್ಟಿಗೆ ಶುರುಮಾಡಿ ಕಾಲೇಜಿನ ಇಂಟರ್ನೆಟ್ಟೇ ಏದುಸಿರು ಬಿಟ್ಟಿತು. ಕನಮಡಿಯವನ ಯಂತ್ರ ಎಲ್ಲರಿಗಿಂತ ಮೊದಲು ಎದ್ದಿತು. ಅವನು ಅದಕ್ಕೆ ತನ್ನ ಎತ್ತಿನ ಹೆಸರಿಟ್ಟ.

ಬಬಲೇಶ್ವರದವಳ ಯಂತ್ರವೂ ಎದ್ದಿತು, ಆದರೆ ಒಳಗೆ ಹೋಗಲು ಬಿಡಲಿಲ್ಲ. ಯಂತ್ರ ಕಟ್ಟುವಾಗ ಕೀಲಿಯ ಫೈಲೊಂದು ಇಳಿಯುತ್ತದೆ, ಒಂದೇ ಸಲ, ಅದನ್ನು ಕಾಪಾಡಿಟ್ಟುಕೊಳ್ಳಬೇಕು. ಅವಳು ಅವಸರದಲ್ಲಿ ಅದನ್ನು ಉಳಿಸದೆ ಆ ಕಿಟಕಿಯನ್ನು ಮುಚ್ಚಿಬಿಟ್ಟಿದ್ದಳು. ಮೂರು ಸಲ ಪ್ರಯತ್ನಿಸಿದಳು, ಮೂರು ಸಲವೂ ಪರದೆ ಅನುಮತಿ ಇಲ್ಲ ಎಂದಿತು. ಅವಳ ಪಕ್ಕದ ಹುಡುಗ ಕುರ್ಚಿ ಸಮೇತ ಸರಿದು, "ಕೊಡ ಇಲ್ಲಿ, ನಾ ಮಾಡ್ತೇನಿ, ನೀ ಬರಕೊ" ಎಂದ. ಅವಳು ಮೌಸನ್ನು ತನ್ನ ಕಡೆಗೆ ಎಳೆದುಕೊಂಡಳು.

ಅವನು ಸರಿಯಲಿಲ್ಲ, ನಾನು ಹೋದೆ. ಅವನನ್ನು ಅವನ ಜಾಗಕ್ಕೆ ಕಳಿಸಿ, ಅವಳ ಬೆನ್ನ ಹಿಂದಿನಿಂದ ಬಾಗಿ ನಾನೇ ಮೌಸಿಗೆ ಕೈ ಹಾಕಿದೆ. ನನಗೆ ಅದು ಎರಡು ನಿಮಿಷದ ಕೆಲಸ.

"ಬ್ಯಾಡ್ರಿ ಸರ. ನಾನ ಮಾಡ್ತೇನ್ರಿ."

"ಇದ ಹೊಕ್ಕಂಗಿಲ್ಲ ತಂಗಿ. ಕೀಲಿ ಹೋತು. ಇದನ್ನ ಅಳಿಸಿ ಹೊಸಾದ ಕಟ್ಬೇಕ."

"ಅಳಿಸಿ ಕಟ್ಟಾಕ ತಾಸ ಹಿಡದೀವಲ್ರಿ ಲೆಕ್ಕದಾಗ. ಹೇಳ್ಬ್ಯಾಡ್ರಿ, ನಿಂದರ್ರಿ ಅಷ್ಟ."

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಅವಳು ಅಳಿಸುವ ಗುಂಡಿ ಹುಡುಕಲು ಬಹಳ ಹೊತ್ತು ತೆಗೆದುಕೊಂಡಳು. ಅದು ಎಲ್ಲಿದೆ ಎಂದು ನನಗೆ ಗೊತ್ತಿತ್ತು, ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ. ಸಲಹೆ ಕೊಡುವುದೇ ಉಸಿರಾದವನಿಗೆ ಅದೆಷ್ಟು ಕಷ್ಟವೆಂದು ಬೇರೆಯವರಿಗೆ ತಿಳಿಯಲಿಕ್ಕಿಲ್ಲ. ಅಳಿಸಿದಳು, ಡಿಸ್ಕೂ ಹೋಯಿತೇ ಎಂದು ಬೇರೆ ಪುಟದಲ್ಲಿ ನೋಡಿ ಖಾತ್ರಿ ಮಾಡಿಕೊಂಡಳು, ಹೊಸದು ಕಟ್ಟಿದಳು. ಈ ಸಲ ಕೀಲಿ ಇಳಿದಾಗ ಕಿಟಕಿ ಮುಚ್ಚುವ ಮೊದಲು ಅದರ ಹೆಸರನ್ನು ಬಾಯಲ್ಲಿ ಓದಿಕೊಂಡಳು. ಕಪ್ಪು ಪರದೆ ತೆರೆಯಿತು, ಅದರಲ್ಲೊಂದು ಸಣ್ಣ ಗೆರೆ ಮಿಣುಕುತ್ತಿತ್ತು.

ಅವಳು ಎರಡೂ ಕೈಗಳನ್ನು ಕೀಬೋರ್ಡಿನ ಮೇಲಿಟ್ಟಳು. ಆಮೇಲೆ ಹಿಂದೆ ತಿರುಗದೆಯೇ ಕೇಳಿದಳು.

"ಇನ್ನೂ ಇಲ್ಲೇ ನಿಂತೀರೇನ್ರಿ ಸರ?"

ನಾನು ಮುಂದಿನ ಸಾಲಿಗೆ ಹೋದೆ.